ರಬ್ಬರ್ ಮಾಮ ಅಳಿಸಿದ ಮುನ್ನೂರ ಹನ್ನೆರಡು ಗುರುತುಗಳು

ಆ ನರ್ಸಿಂಗ್ ಕಾಲೇಜಿನ ಲೈಬ್ರರಿಯಲ್ಲಿ ಇಪ್ಪತ್ತೇಳು ವರ್ಷದಿಂದ ಅಟೆಂಡರ್ ಆಗಿರುವ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರೊಂದಿದೆ. ಸಂಬಳದ ಪಟ್ಟಿ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿಲ್ಲ. ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಅವನೂ ಉಳಿದವರ ಜೊತೆ ಹಿಂದೆ ತಿರುಗಿ, ಯಾರನ್ನಪ್ಪಾ ಕರೆಯುತ್ತಿದ್ದಾರೆ ಎಂದು ನೋಡುತ್ತಾನೆ. ಕಾಲೇಜಿಗೆಲ್ಲ ಅವನು ರಬ್ಬರ್ ಮಾಮ.

ಕಾರಣ ಸರಳ. ವಿದ್ಯಾರ್ಥಿಗಳು ಪಠ್ಯಪುಸ್ತಕಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತಾರೆ, ಮಾಮ ಅಳಿಸುತ್ತಾನೆ. ಪರೀಕ್ಷೆ ಮುಗಿದು ಪುಸ್ತಕಗಳು ವಾಪಸು ಬರುವ ಹದಿನೈದು ದಿನ ಅವನಿಗೆ ಸುಗ್ಗಿ. ಕಿಟಕಿ ಪಕ್ಕದ ಮೇಜಿನ ಮೇಲೆ ಪುಸ್ತಕ ಅಗಲಿಸಿ, ಮೆತ್ತನೆಯ ಬಿಳಿ ರಬ್ಬರನ್ನು ಹೊಲಿಗೆಯ ಕಡೆಯಿಂದ ಅಂಚಿನ ಕಡೆಗೆ, ಒಂದೇ ದಿಕ್ಕಿನಲ್ಲಿ ಎಳೆಯಬೇಕು. ಹಿಂದೆ ಮುಂದೆ ಉಜ್ಜಿದರೆ ಹಾಳೆ ಮುದುಡುತ್ತದೆ. ಪುಡಿಯನ್ನು ಬಾಯಿಂದ ಊದಬಾರದು, ಎಂಜಲು ಹಾರುತ್ತದೆ. ಅದಕ್ಕೆಂದೇ ಅವನ ಬಳಿ ಹಳೆಯ ಶೇವಿಂಗ್ ಬ್ರಷ್ ಇದೆ. ಗಡ್ಡವನ್ನು ಸೋಪು ಸವರಿದ ಬೆರಳಲ್ಲೇ ನಿಭಾಯಿಸಿಕೊಂಡು, ಬ್ರಷ್ಷನ್ನು ಪುಸ್ತಕಗಳಿಗೆ ದಾನ ಮಾಡಿದವನು ಅವನು.

ಇದರಲ್ಲಿ ಅವನದೇ ಒಂದು ಕಟ್ಟಳೆಯೂ ಇತ್ತು. ಅಳಿಸುವ ಮೊದಲು ಗೆರೆ ಬಿದ್ದ ಸಾಲನ್ನು ಒಮ್ಮೆ ಓದಲೇಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಔಷಧ ಪುಸ್ತಕದ ಅಂಚಿನಲ್ಲಿದ್ದ ಪೆನ್ಸಿಲ್ ಬರಹವನ್ನು ಉಜ್ಜಿ ತೆಗೆದಿದ್ದ. ಅದು ಮೇಷ್ಟರೊಬ್ಬರು ಅಚ್ಚಿನ ತಪ್ಪು ತಿದ್ದಿ ಬರೆದದ್ದಾಗಿತ್ತು. ಗ್ರಾಂ ಇರಬೇಕಾದ ಜಾಗದಲ್ಲಿ ಮಿಲಿಗ್ರಾಂ, ಮಿಲಿಗ್ರಾಂ ಇರಬೇಕಾದ ಜಾಗದಲ್ಲಿ ಗ್ರಾಂ. ಅಂದಿನಿಂದ ಓದದೆ ಅಳಿಸಿದವನಲ್ಲ. ಅರ್ಥವಾಗುತ್ತಿತ್ತೇ ಎಂದು ಯಾರೂ ಕೇಳಿರಲಿಲ್ಲ, ಅವನೂ ತನ್ನನ್ನು ಕೇಳಿಕೊಂಡಿರಲಿಲ್ಲ. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದವನಿಗೆ ಅರ್ಥದ ಉಸಾಬರಿ ಯಾಕೆ? ಬಾಣಲೆ ತೊಳೆಯುವವನು ಅಡುಗೆ ರುಚಿ ನೋಡುತ್ತಾನೆಯೇ?

ಈಚೆಗೆ ಸುಗ್ಗಿ ಬತ್ತುತ್ತಿತ್ತು. ವಾಪಸು ಬಂದ ಪುಸ್ತಕಗಳು ಹೋದ ಹಾಗೇ ಬರುತ್ತಿದ್ದವು, ಒಂದು ಗೆರೆಯಿಲ್ಲ, ಮಡಿಸಿದ ಮೂಲೆಯಿಲ್ಲ. ಮಕ್ಕಳಿಗೆ ಶಿಸ್ತು ಬಂತಲ್ಲ ಎಂದು ಮಾಮ ಒಂದು ವರ್ಷ ಹಿಗ್ಗಿದ. ಆಮೇಲೆ ನೋಡಿದರೆ ಅವರು ಪುಸ್ತಕ ಬಿಚ್ಚುತ್ತಲೇ ಇರಲಿಲ್ಲ. ಓದುವ ಕೋಣೆಯಲ್ಲಿ ಸಾಲಾಗಿ ಕೂತು ಫೋನು ನೋಡುತ್ತಿದ್ದರು. ಸಿನಿಮಾ ಇರಬೇಕು ಎಂದುಕೊಂಡ. ಆದರೆ ಸಿನಿಮಾ ನೋಡುವವರ ಮುಖ ಅಷ್ಟು ಸಪ್ಪೆಯಾಗಿರುವುದಿಲ್ಲ.

ಆ ಗುಟ್ಟು ಬಿಡಿಸಿದ್ದು ಅವನ ತಂಗಿಯ ಮಗಳು. ಅವಳು ಅದೇ ಕಾಲೇಜಿನಲ್ಲಿ ಮೊದಲ ವರ್ಷದಲ್ಲಿದ್ದಳು. ಮನೆಯಲ್ಲಿ ಅವಳನ್ನು ಚೂಟಿ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಕೌಂಟರಿನ ಮೇಲೆ ತನ್ನ ಫೋನಿಟ್ಟು ಶರೀರಕ್ರಿಯಾ ಶಾಸ್ತ್ರದ ಪಿಡಿಎಫ್ ತೆರೆದಳು. ಮಾಮನಿಗೆ ಮೊದಲ ಪುಟದಲ್ಲೇ ಗುರುತು ಸಿಕ್ಕಿತು. ಹಿಂದಿನ ಕೋಣೆಯ ಕೆಳಗಿನ ಹಲಗೆಯಲ್ಲಿ ಮಲಗಿರುವ, ಎತ್ತಿದರೆ ಸೊಂಟ ಹಿಡಿಯುವ, ಆರುನೂರ ನಲವತ್ತು ಪುಟದ ದಪ್ಪಮ್ಮ. ಕಾಲೇಜಿನಲ್ಲಿ ಎಲ್ಲರೂ ಆ ಪುಸ್ತಕವನ್ನು ಹಾಗೇ ಕರೆಯುವುದು. ಅದೇ ಮುದ್ರಣ, ಅದೇ ಚಿತ್ರ. ಯಾರೋ ಪುಣ್ಯಾತ್ಮರು ಪುಟಪುಟವನ್ನೂ ಸ್ಕ್ಯಾನ್ ಮಾಡಿದ್ದರು. ಅಂಥ ದಪ್ಪಮ್ಮ ಒಂದು ಸೋಪಿನಷ್ಟು ತೂಕದೊಳಗೆ ಹೊಕ್ಕು ಕೂತಿದ್ದಳು.

ಚೂಟಿ ಎರಡು ಬೆರಳಿಟ್ಟು ಅಗಲಿಸಿದಳು. ಕೂದಲೆಳೆಯಷ್ಟಿದ್ದ ರಕ್ತನಾಳ ತೋಟದ ಪೈಪಿನಷ್ಟಾಯಿತು. ಮಾಮ ಬಾಯಿ ತೆರೆದವನು ಮುಚ್ಚಲಿಲ್ಲ. ಅವಳು ಒಂದು ಪದದ ಮೇಲೆ ಬೆರಳು ಒತ್ತಿ ಹಿಡಿದಳು. ಪದದ ಎರಡೂ ಬದಿಗೆ ಪುಟ್ಟ ಹಿಡಿಕೆಗಳು ಮೂಡಿದವು. ಒಂದನ್ನು ಎಳೆದು ಸಾಲಿನ ಕೊನೆಗೆ ತಂದು ಬಿಟ್ಟಳು, ಬಣ್ಣ ಆರಿಸಿದಳು, ಸಾಲು ಹಳದಿಯಾಯಿತು. ಸ್ಕ್ಯಾನು ಸೊಟ್ಟಗಾಗಿ ಅಕ್ಷರ ಫೋನಿಗೆ ತಿಳಿಯದ ಅಧ್ಯಾಯಗಳಲ್ಲಿ ಈ ಆಟ ನಡೆಯುವುದಿಲ್ಲವಂತೆ. ಅಂಥ ಪುಟ ಫೋನಿಗೆ ಬರೀ ಫೋಟೊ. ಅಲ್ಲಿ ದಪ್ಪ ಗೆರೆಯ ಮಾರ್ಕರ್ ಹಿಡಿದು ಬೆರಳಲ್ಲೇ ಬಳಿಯಬೇಕು. ಬೆರಳು ದಪ್ಪವಿದ್ದರೆ ತುದಿಗೆ ರಬ್ಬರಿರುವ ಕಡ್ಡಿಯೊಂದು ಬರುತ್ತದೆ, ಅದಕ್ಕೆ ಸ್ಟೈಲಸ್ ಎನ್ನುತ್ತಾರೆ.

ಮಾಮ ಮಾಡಿದ ಮೊದಲ ಕೆಲಸವೆಂದರೆ ಮುಂದಿನ ಪುಟ ತಿರುವಿ ಬಣ್ಣ ಹಿಂದಕ್ಕೆ ಸೋರಿದೆಯೇ ಎಂದು ನೋಡಿದ್ದು. ಸೋರಿರಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಅವನು ಕಂಡ ಅತ್ಯಂತ ಸಭ್ಯವಾದ ಬಣ್ಣ ಅದು.

ಕಾಲೇಜಿನ ಪಕ್ಕದಲ್ಲೇ ಆಸ್ಪತ್ರೆ. ಆ ತಿಂಗಳು ಮೊದಲ ವರ್ಷದವರಿಗೆ ತೀವ್ರ ನಿಗಾ ಘಟಕದಲ್ಲಿ ಆರು ದಿನದ ಡ್ಯೂಟಿ ಬಿತ್ತು. ಒಳಗೆ ಫೋನು ಒಯ್ಯುವಂತಿಲ್ಲ. ಚೂಟಿ ಬೆಳಗ್ಗೆ ಒಂಬತ್ತಕ್ಕೆ ಮಾಮನ ಕೈಗೆ ಫೋನು ಕೊಟ್ಟು, ಸಂಜೆ ನಾಲ್ಕಕ್ಕೆ ಬಂದು ಒಯ್ಯುವುದೆಂದಾಯಿತು. ತೆರೆಯುವ ನಂಬರನ್ನೂ ಹೇಳಿಕೊಟ್ಟು, ಬೇಜಾರಾದಾಗ ದಪ್ಪಮ್ಮನನ್ನು ಓದುತ್ತಿರು ಎಂದಳು. ಆ ಮಾತು ತಮಾಷೆಗೆ ಆಡಿದ್ದು. ಕೆಲವರಿಗೆ ತಮಾಷೆಯ ಮಾತು ಆಡಬಾರದು.

ಮೊದಲ ದಿನ ಹನ್ನೊಂದರ ಹೊತ್ತಿಗೆ ಮಾಮ ಪುಸ್ತಕ ತೆರೆದ. ಹತ್ತು ಪುಟ ದಾಟುವಷ್ಟರಲ್ಲಿ ಎಲ್ಲೆಲ್ಲೂ ಗಲೀಜು. ಹಳದಿ, ಹಸಿರು, ಗುಲಾಬಿ. ಅಂಚಿನಲ್ಲೆಲ್ಲ ಬೆರಳಲ್ಲಿ ಗೀಚಿದ ಬಾಣ, ನಕ್ಷತ್ರ, ಎರಡು ಸುತ್ತು ಹಾಕಿದ ವೃತ್ತ. ಹೃದಯದ ಚಿತ್ರಕ್ಕೆ ಮೀಸೆ. ಮೇಲ್ಗಡೆ ಒಂದು ಗುಂಡಿ ಒತ್ತಿದರೆ ಎಲ್ಲ ಗುರುತುಗಳ ಪಟ್ಟಿಯೇ ಬಂತು, ಅದರ ತಲೆಯ ಮೇಲೆ ಅಂಕಿ: 312. ತನ್ನ ತಂಗಿಯ ಮಗಳು, ತನ್ನ ಮನೆಯ ಹುಡುಗಿ, ಒಂದೇ ಪುಸ್ತಕಕ್ಕೆ ಮುನ್ನೂರ ಹನ್ನೆರಡು ಅಪರಾಧ ಮಾಡಿದ್ದಳು.

ಬಯ್ಯುವುದು ಅವನ ಜಾಯಮಾನವಲ್ಲ. ಅಳಿಸುವುದು ಜಾಯಮಾನ. ಹುಡುಕಿದ, ಉಪಕರಣಗಳ ಪಟ್ಟಿಯಲ್ಲಿ ಒಂದು ಪುಟ್ಟ ರಬ್ಬರಿನ ಚಿತ್ರ ಕಂಡಿತು. ಪರದೇಶದ ಜಾತ್ರೆಯಲ್ಲಿ ಸ್ವಂತ ಅಣ್ಣ ಸಿಕ್ಕಂತಾಯಿತು. ಬೆರಳಲ್ಲಿ ಗೀಚಿದ್ದನ್ನು ಆ ರಬ್ಬರಿನಿಂದ ಸವರಿದರೆ ಮಾಯ. ಹೈಲೈಟಿಗೆ ಬೇರೆ ದಾರಿ: ಬಣ್ಣದ ಮೇಲೆ ಒಮ್ಮೆ ಮುಟ್ಟು, ಕಸದಬುಟ್ಟಿಯ ಚಿತ್ರ ಬರುತ್ತದೆ, ಅದನ್ನು ಮುಟ್ಟು. ಹೋಯಿತು. ಪುಡಿ ಇಲ್ಲ, ಮುದುಡಿಲ್ಲ, ಬ್ರಷ್ ಬೇಡ. ಕೆಳಗಿನ ಅಕ್ಷರ ಅಮ್ಮನ ಹೊಟ್ಟೆಯಿಂದ ಈಗಷ್ಟೇ ಬಂದಂತೆ ಹೊಳೆಯಿತು. ಇಂಥ ರಬ್ಬರೊಂದು ಲೋಕದಲ್ಲಿರಬಹುದು ಎಂದು ಅವನು ಕನಸಲ್ಲೂ ಎಣಿಸಿರಲಿಲ್ಲ.

ಕಟ್ಟಳೆ ಮಾತ್ರ ಬಿಡಲಿಲ್ಲ. ಒಂದೊಂದು ಸಾಲನ್ನೂ ತುಟಿ ಅಲ್ಲಾಡಿಸಿ ಓದಿಯೇ ಅಳಿಸಿದ. ದಿನಕ್ಕೆ ಐವತ್ತರ ಲೆಕ್ಕ. ಸಂಜೆ ಪುಸ್ತಕ ಮುಚ್ಚುವಾಗ ಬದಲಾವಣೆಗಳನ್ನು ಉಳಿಸಬೇಕೆ ಎಂದು ಫೋನು ವಿನಯದಿಂದ ಕೇಳುತ್ತಿತ್ತು. ಪುಸ್ತಕ ಉಳಿಸುವುದಕ್ಕೇ ಹುಟ್ಟಿದವನಿಗೆ ಇದೆಂಥ ಪ್ರಶ್ನೆ ಎಂದುಕೊಂಡು, ಆರೂ ದಿನ ‘ಉಳಿಸು’ ಒತ್ತಿದ.

ಚೂಟಿ ಆ ವಾರ ಮನೆಗೆ ಹೋಗಿ ಬಿದ್ದುಕೊಳ್ಳುವಷ್ಟು ದಣಿಯುತ್ತಿದ್ದಳು. ಅಷ್ಟಿಷ್ಟು ಓದಿದ್ದರೂ ಅದು ಬೇರೆ ವಿಷಯಗಳನ್ನು. ಏಳನೆಯ ದಿನ ಓದುವ ಕೋಣೆಯಲ್ಲಿ ಕೂತು ದಪ್ಪಮ್ಮನನ್ನು ತೆರೆದಳು. ಶರೀರಕ್ರಿಯಾ ಶಾಸ್ತ್ರದ ಪರೀಕ್ಷೆಗೆ ಆಗ ಹನ್ನೆರಡು ದಿನ ಇತ್ತು. ಮಾಮ ಕೌಂಟರಿನಿಂದಲೇ ಅವಳ ಮುಖ ನೋಡುತ್ತಿದ್ದ. ಹೊಗಳಿಕೆಗೆ ಕಾಯುವವನಿಗೆ ತಾಳ್ಮೆ ಕಡಿಮೆ, ಎದ್ದೇ ಬಂದ.

"ಹೆಂಗಿದೆ? ಹೊಸ ಪುಸ್ತಕದ ಥರ ಇದೆಯಲ್ಲ?"

ಅವಳು ಬೆರಳಲ್ಲಿ ಪುಟ ಸರಿಸುತ್ತಲೇ ಇದ್ದಳು. "ಮಾಮ, ಇದ್ರಲ್ಲಿ ಬಣ್ಣ ಇತ್ತಲ್ಲ?"

"ಇತ್ತು. ತೆಗೆದೆ."

"ಎಲ್ಲಾನೂ?"

"ಒಂದೂ ಬಿಟ್ಟಿಲ್ಲ ಕಣಮ್ಮಾ. ಪಟ್ಟಿ ನೋಡ್ಕೋ, ಸೊನ್ನೆ ಇದೆ."

ಅವಳು ಪಟ್ಟಿ ನೋಡಿದಳು. ಸೊನ್ನೆ ಇತ್ತು. ಫೋನನ್ನು ಮೇಜಿನ ಮೇಲೆ ಮೆಲ್ಲಗೆ, ಮೊಟ್ಟೆ ಇಡುವಂತೆ ಇಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ವಿಷಯ ಅವನ ತಲೆಗೆ ಹೊಕ್ಕಿದ್ದು ಲೈಬ್ರರಿ ಮೇಡಂ ಬಂದು ಬಿಡಿಸಿ ಹೇಳಿದ ಮೇಲೆ. ಹಳದಿ ಎಂದರೆ ವ್ಯಾಖ್ಯೆ, ಹಸಿರು ಎಂದರೆ ಕಾರಣ, ಗುಲಾಬಿ ಎಂದರೆ ಹಳೆಯ ಪರೀಕ್ಷೆಗಳಲ್ಲಿ ಬಂದ ಪ್ರಶ್ನೆ. ಅದು ಗಲೀಜಲ್ಲ, ಒಂದು ವರ್ಷದ ಓದು. ಕೊನೆಯ ಹನ್ನೆರಡು ದಿನದಲ್ಲಿ ಆರುನೂರ ನಲವತ್ತು ಪುಟ ಮತ್ತೆ ಓದಲು ಯಾರಿಂದಲೂ ಆಗದು, ಆ ಬಣ್ಣ ಬಿದ್ದ ಸಾಲುಗಳನ್ನಷ್ಟೇ ಓದಬೇಕೆಂಬುದು ಅವಳ ಲೆಕ್ಕವಾಗಿತ್ತು. ಮೇಡಂ ಹಿಂದಕ್ಕೆ ಹೋಗುವ ಬಾಣದ ಗುರುತು ಒತ್ತಿ ನೋಡಿದರು. ಅದು ಬೂದುಬಣ್ಣಕ್ಕೆ ತಿರುಗಿ ಸತ್ತಿತ್ತು. ಪುಸ್ತಕ ತೆರೆದಿರುವಷ್ಟು ಹೊತ್ತು ಮಾತ್ರ ಅದಕ್ಕೆ ಜೀವ, ಉಳಿಸಿ ಮುಚ್ಚಿದ ಮೇಲೆ ಇಲ್ಲ. ಬೇರೆ ಕಡೆ ನಕಲು ಇದೆಯೇ ಎಂದರು. ಬಣ್ಣವಿಲ್ಲದ ಪಿಡಿಎಫ್ ಹತ್ತು ಜನರ ಬಳಿ ಇತ್ತು. ಬಣ್ಣದ್ದು ಲೋಕದಲ್ಲಿ ಒಂದೇ ಇತ್ತು, ಅದೂ ಈಗ ಇರಲಿಲ್ಲ.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿಸಿಕೊಂಡು, ನಲವತ್ತೊಂಬತ್ತು ವರ್ಷಕ್ಕೆ ಈ ಮನುಷ್ಯನಿಗೆ ಒಂದು ವಿದ್ಯೆ ಬಂತು, ಅದೂ ಇನ್ನೊಬ್ಬರ ವಿದ್ಯೆ ಒರೆಸುವ ವಿದ್ಯೆ ಎಂದಳು. ತಂಗಿ ಫೋನು ಮಾಡಿದಾಗ ಸ್ನಾನದ ಮನೆಯಲ್ಲಿದ್ದೇನೆ ಎಂದು ಹೇಳಿಸಿದ. ಮೂರು ಸಲ ಫೋನು ಬಂತು, ಮೂರು ಸಲವೂ ಸ್ನಾನ ನಡೆದಿತ್ತು.

ಮರುದಿನ ಚೂಟಿ ಬಂದಳು. ಮುಖ ಊದಿತ್ತು. ಮಾಮನತ್ತ ನೋಡದೆ ಮೂಲೆಯ ಮೇಜಿಗೆ ಹೋಗಿ ಒಂದನೇ ಪುಟದಿಂದ ಓದಲು ಕೂತಳು. ಅರ್ಧ ಗಂಟೆಯ ಮೇಲೆ ಯಾಕೋ ಪುಟದ ಮೇಲ್ತುದಿಯ ಬಾವುಟದಂಥ ಗುರುತನ್ನು ಮುಟ್ಟಿದಳು. ಮುಟ್ಟಿದವಳು ನೆಟ್ಟಗೆ ಕೂತಳು. ನಲವತ್ತೊಂದು ಬುಕ್‌ಮಾರ್ಕ್‌ಗಳು ಸಾಲಾಗಿ ನಿಂತಿದ್ದವು, ಒಂದೂ ಹೋಗಿರಲಿಲ್ಲ. ಬುಕ್‌ಮಾರ್ಕ್ ಪುಟದ ಮೇಲೆ ಬಣ್ಣವಾಗಿ ಕಾಣುವುದಿಲ್ಲ. ಅದು ಆ್ಯಪಿನ ಬೇರೆ ಪಟ್ಟಿಯಲ್ಲಿ ಕೂತಿರುತ್ತದೆ. ಅಂಥದ್ದೊಂದು ಇದೆಯೆಂದು ಗೊತ್ತಿದ್ದರೆ ಮಾಮ ಅದನ್ನೂ ಉಳಿಸುತ್ತಿರಲಿಲ್ಲ. ಅಜ್ಞಾನ ಒಮ್ಮೊಮ್ಮೆ ಇಷ್ಟು ಉಪಕಾರ ಮಾಡುತ್ತದೆ.

ಯಾವ ಪುಟಗಳು ಎಂದು ಸಿಕ್ಕಿತು. ಯಾವ ಸಾಲುಗಳು ಎಂದು ಸಿಗಲಿಲ್ಲ. ಅವಳು ಮೊದಲ ಬುಕ್‌ಮಾರ್ಕ್ ಒತ್ತಿದಳು, ಪುಟ ಐವತ್ತೆಂಟು. ಅವಳ ಹಿಂದೆ ಪುಸ್ತಕ ಜೋಡಿಸುವ ನೆಪದಲ್ಲಿ ನಿಂತು ಇಣುಕುತ್ತಿದ್ದ ಮಾಮ ಮೆಲ್ಲಗೆ ಕೇಳಿದ, "ಕೆಂಪು ರಕ್ತಕಣದ ಚಿತ್ರ ಇದೆಯಲ್ಲ, ಅದಾ?"

ಅವಳು ತಲೆ ಎತ್ತಲಿಲ್ಲ. "ಹ್ಞೂಂ."

"ಚಿತ್ರದ ಕೆಳಗೆ ಎರಡನೇ ಪ್ಯಾರಾ. ಮೊದಲ್ನೇ ಸಾಲು ಬಿಟ್ಟು ಮುಂದಿನ ಎರಡಕ್ಕೆ ಹಳದಿ. ಪ್ಯಾರಾ ಮುಗಿಯೋ ಕಡೆ ಹಸಿರು, ಅರ್ಧ ಸಾಲು. ಬಲಗಡೆ ನೀನು ನಕ್ಷತ್ರ ಹಾಕಿದ್ದೆ, ಒಂದು ಮೂಲೆ ಮುರಿದಿತ್ತು."

ಅವಳು ಈಗ ತಲೆ ಎತ್ತಿದಳು. "ಹಸಿರು ಎಲ್ಲಿಂದ?"

ಮಾಮ ಆ ಅರ್ಧ ಸಾಲನ್ನು ಬಾಯಿಪಾಠ ಹೇಳಿದ. ಹೇಳಿ ಮುಗಿಸಿ ತಾನೇ ಹೆದರಿದ. ಯಾರೋ ತನ್ನ ಬಾಯಲ್ಲಿ ಕೂತು ಮಾತಾಡಿ ಎದ್ದುಹೋದಂತಿತ್ತು. ಪಿಯುಸಿಯಲ್ಲಿ ಒಂದು ಸೂತ್ರ ನೆನಪಿಡಲಾಗದೆ ಎರಡು ಸಲ ಬಿದ್ದ ತಲೆಯೇ ಇದು?

ಎರಡನೇ ಬುಕ್‌ಮಾರ್ಕ್ ಒತ್ತಿದಳು. ಅದೂ ಬಂತು. ಮೂರನೆಯದರಲ್ಲಿ ಅವಳು ಬೇಕೆಂದೇ ಸುಳ್ಳು ಹೇಳಿ, ಮೇಲಿನ ಸಾಲು ಗುಲಾಬಿ ಅಲ್ಲವಾ ಎಂದಳು. ಅಲ್ಲ, ಗುಲಾಬಿ ಕೋಷ್ಟಕದ ತಲೆಗಿತ್ತು ಎಂದ. ಅವಳು ಪಕ್ಕದ ಕುರ್ಚಿಯನ್ನು ಕಾಲಲ್ಲಿ ಹಿಂದಕ್ಕೆ ತಳ್ಳಿದಳು. ಇಪ್ಪತ್ತೇಳು ವರ್ಷದಲ್ಲಿ ಮಾಮ ಓದುವ ಕೋಣೆಯ ಕುರ್ಚಿಗಳನ್ನು ಒರೆಸಿದ್ದ, ಜೋಡಿಸಿದ್ದ, ಕಾಲು ಮುರಿದದ್ದಕ್ಕೆ ಮೊಳೆ ಹೊಡೆದಿದ್ದ. ಅದರಲ್ಲಿ ಕೂತದ್ದು ಅದೇ ಮೊದಲು.

ದಿನಾ ನಾಲ್ಕರಿಂದ ಆರೂವರೆ ತನಕ ಕೆಲಸ ಸಾಗಿತು. ಮಾಮ ಹೇಳುವುದು, ಚೂಟಿ ಬಳಿಯುವುದು. ಒಂದೆರಡು ಸಲ ಮಾಮನೂ ಕೈ ಹಾಕಿದ. ರಬ್ಬರು ಹಿಡಿದು ಕಲ್ಲಾದ ಅವನ ಬೆರಳನ್ನು ಫೋನು ಬೆರಳೆಂದೇ ಒಪ್ಪಲಿಲ್ಲ, ಒಪ್ಪಿದಾಗ ಮೂರು ಸಾಲು ಒಟ್ಟಿಗೆ ಹಳದಿಯಾದವು. ಆಮೇಲೆ ಅವಳು ಸ್ಟೈಲಸ್ ಕೊಟ್ಟು, ಮೊದಲು ಪುಟ ದೊಡ್ಡದು ಮಾಡಿಕೋ, ಆಮೇಲೆ ಎಳೆ, ಪುಟ ಸರಿಸಲು ಎರಡು ಬೆರಳು, ಬರೆಯಲು ಒಂದೇ ಕಡ್ಡಿ ಎಂದು ಕಲಿಸಿದಳು. ಸೊಟ್ಟ ಸ್ಕ್ಯಾನಿನ ಅಧ್ಯಾಯಗಳನ್ನು ಅವನೇ ವಹಿಸಿಕೊಂಡ. ಹೊಲಿಗೆಯ ಕಡೆಯಿಂದ ಅಂಚಿನ ಕಡೆಗೆ, ಒಂದೇ ದಿಕ್ಕಿನಲ್ಲಿ ಎಳೆದ. ಗೆರೆ ದಾರ ಹಿಡಿದಂತೆ ಬಂತು. ದಿನದ ಕೊನೆಗೆ ಅವಳು ಉಳಿಸಿ, ಒಂದು ನಕಲನ್ನು ಅಮ್ಮನ ಫೋನಿಗೂ ಇನ್ನೊಂದನ್ನು ಮೇಡಂಗೂ ಕಳಿಸತೊಡಗಿದಳು. ಮಾಮನ ಎದುರಿಗೇ ಕಳಿಸುತ್ತಿದ್ದಳು. ಅವನು ಆಗ ಕಿಟಕಿಯಾಚೆ ನೋಡುತ್ತಿದ್ದ.

ಪುಟದ ಅಂಕಿಯ ಬಗ್ಗೆ ಒಂದು ದಿನ ಜಗಳವೇ ಆಯಿತು. ಮಾಮ ಇನ್ನೂರ ಹದಿನೈದು ಎನ್ನುತ್ತಾನೆ, ಫೋನಿನಲ್ಲಿ ಆ ಅಂಕಿ ಒತ್ತಿದರೆ ಬೇರೇನೋ ಬರುತ್ತದೆ. ಆಮೇಲೆ ತಿಳಿಯಿತು, ಪುಸ್ತಕದಲ್ಲಿ ಮುನ್ನುಡಿ, ಪರಿವಿಡಿ ಸೇರಿ ಮೊದಲ ಹದಿನಾರು ಪುಟಕ್ಕೆ ಅಂಕಿಯಿಲ್ಲ. ಫೋನು ರಕ್ಷಾಪುಟದಿಂದಲೇ ಎಣಿಸುತ್ತದೆ. ಮಾಮ ಹೇಳಿದ್ದಕ್ಕೆ ಹದಿನಾರು ಕೂಡಿಸಿದರೆ ಫೋನಿನ ಪುಟ. ಹೀಗಾಗಿ ಇನ್ನೂ ದೊಡ್ಡ ವಿಚಿತ್ರ ಹೊರಬಿತ್ತು. ಫೋನಿನಲ್ಲಿ ಆರು ದಿನ ಓದಿದವನ ತಲೆಯಲ್ಲಿ ಫೋನಿನ ಅಂಕಿ ಇರಬೇಕಿತ್ತು. ಅವನ ತಲೆಯಲ್ಲಿದ್ದದ್ದು ಕಾಗದದ ದಪ್ಪಮ್ಮನ ಅಂಕಿ.

ಇದರ ಅರ್ಥ ಒಂಬತ್ತನೆಯ ದಿನ ಸಿಡಿಯಿತು. ಇನ್ನೂ ಎರಡು ಅಧ್ಯಾಯ ಬಾಕಿ ಇರುವಾಗಲೇ ಗುರುತುಗಳ ಪಟ್ಟಿ ಮುನ್ನೂರ ಇಪ್ಪತ್ತಾರು ತೋರಿಸುತ್ತಿತ್ತು. ಅಳಿಸಿದ್ದು ಮುನ್ನೂರ ಹನ್ನೆರಡು. ಚೂಟಿ ಹಿಂದಕ್ಕೆ ಹೋಗಿ ಒಂದೊಂದೇ ನೋಡುತ್ತ ಬಂದಳು. ಮೂತ್ರಪಿಂಡದ ಅಧ್ಯಾಯದಲ್ಲಿ ನಿಂತಳು. ‘ಎರಡು ಮೂತ್ರಪಿಂಡಗಳೂ ಸೇರಿ ದಿನಕ್ಕೆ ಸುಮಾರು ನೂರ ಎಂಬತ್ತು ಲೀಟರ್ ಸೋಸುತ್ತವೆ. ಹೊರಹೋಗುವುದು ಒಂದೂವರೆ ಲೀಟರಿನಷ್ಟು. ಉಳಿದುದೆಲ್ಲ ಮರಳಿ ರಕ್ತಕ್ಕೆ.’ ಹಳದಿ.

"ಇದು ನಂದಲ್ಲ ಮಾಮ."

"ನಿಂದೇ. ನಾನೇ ಅಳಿಸಿದ್ದೀನಲ್ಲ."

"ನಾನು ಈ ಪುಟ ಓದೇ ಇಲ್ಲ. ಸತ್ಯವಾಗಿ ಹೇಳು, ನೀನು ಅಂದಾಜಿಗೆ ಹೇಳ್ತಿದ್ದೀಯಾ? ನಂಗೆ ಬೇಜಾರಾಗ್ಬಾರ್ದು ಅಂತ?"

ಈ ಸಾಲು ಕಟ್ಟುಕತೆಯಾದರೆ ಒಂಬತ್ತು ದಿನದಲ್ಲಿ ಬಳಿದ ಯಾವ ಸಾಲನ್ನೂ ನಂಬುವಂತಿರಲಿಲ್ಲ. ಪರೀಕ್ಷೆಗೆ ಉಳಿದದ್ದು ಎರಡೇ ದಿನ. ಅವಳು ಅದನ್ನು ಹೇಳಬೇಕಾಗಿರಲಿಲ್ಲ, ಮುಖದಲ್ಲೇ ಬರೆದಿತ್ತು. ಮಾಮನಿಗೆ ತನ್ನ ಮೇಲೇ ಅನುಮಾನ ಬಂತು. ತಾನು ನೋಡಿದ್ದು ನಿಜವೇ, ಅಥವಾ ಮುದಿತನ ಕದ ತಟ್ಟುತ್ತಿದೆಯೇ?

ಒಂದೇ ದಾರಿ ಕಂಡಿತು. ಎದ್ದು ಹಿಂದಿನ ಕೋಣೆಗೆ ಹೋದ. ವಿಲೇವಾರಿಗೆಂದು ಕಟ್ಟಿಟ್ಟ ಕಂತೆಯಿಂದ ಕಾಗದದ ದಪ್ಪಮ್ಮನನ್ನು ಎಳೆದು, ಎದೆಗವಚಿಕೊಂಡು ಬಂದು, ಕಿಟಕಿಯ ಮೇಜಿನ ಮೇಲೆ ಇಟ್ಟು ಇನ್ನೂರ ಹದಿನೈದನೇ ಪುಟ ಬಿಚ್ಚಿದ. ಹಾಳೆ ಬೆಳ್ಳಗೆ, ಸ್ವಚ್ಛವಾಗಿತ್ತು. ಇರಲೇಬೇಕು, ಅವನೇ ತೊಳೆದದ್ದು.

ಚೂಟಿ ಬಂದು ನೋಡಿ, ಏನೂ ಇಲ್ಲವಲ್ಲ ಎಂದಳು.

ಮಾಮ ಪುಸ್ತಕವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಓರೆಯಾಗಿ ಹಿಡಿದ. ಇಳಿಬಿಸಿಲು ಹಾಳೆಯ ಮೇಲೆ ಅಡ್ಡಡ್ಡ ಬಿತ್ತು. ಆಗ ಕಂಡಿತು. ನೂರ ಎಂಬತ್ತು ಲೀಟರಿನ ಸಾಲಿನ ಕೆಳಗೆ, ಬಣ್ಣವಿಲ್ಲದ, ಮಸಿಯಿಲ್ಲದ ಒಂದು ತಗ್ಗು. ಗಾಡಿ ಹೋಗಿ ಎಷ್ಟೋ ದಿನವಾದ ಮೇಲೂ ಮಣ್ಣಿನಲ್ಲಿ ಉಳಿಯುವ ಚಕ್ರದ ಜಾಡಿನಂತೆ. ಯಾರೋ ಪೆನ್ಸಿಲ್ಲನ್ನು ಬಲವಾಗಿ ಒತ್ತಿ ಎಳೆದಿದ್ದರು. ಒಬ್ಬರಲ್ಲ. ಸೂಕ್ಷ್ಮವಾಗಿ ನೋಡಿದರೆ ಒಂದರ ಪಕ್ಕ ಒಂದು ಮೂರು ಜಾಡು, ಮೂರು ಕೈ, ಮೂರು ಬೇರೆ ಬೇರೆ ವರ್ಷ. ರಬ್ಬರು ಸೀಸವನ್ನು ಒಯ್ದಿತ್ತು, ಒತ್ತಿದ್ದನ್ನು ಒಯ್ಯಲಾಗಿರಲಿಲ್ಲ.

ಚೂಟಿ ಉಗುರ ತುದಿಯಿಂದ ಆ ತಗ್ಗನ್ನು ಸವರಿದಳು. ಮುಂದಿನ ಪುಟ ತಿರುವಿ ಓರೆ ಹಿಡಿದರು. ಅಲ್ಲೂ ಇತ್ತು. ಇಡೀ ಪುಸ್ತಕ ಉತ್ತ ಹೊಲದಂತಿತ್ತು. ಪಟ್ಟಿಯಲ್ಲಿ ತನ್ನದಲ್ಲ ಎಂದು ಅವಳು ಬೇರೆ ಮಾಡಿದ ಗುರುತುಗಳನ್ನು ಒಂದೊಂದಾಗಿ ಹುಡುಕಿದರು, ಹದಿನಾರು ಕಳೆದು ಪುಟ ತೆಗೆದು, ಬಿಸಿಲಿಗೆ ಹಿಡಿದು. ಪ್ರತಿಯೊಂದಕ್ಕೂ ಜಾಡು ಸಿಕ್ಕಿತು. ಮಾಮ ಒಂದನ್ನೂ ಕಟ್ಟಿ ಹೇಳಿರಲಿಲ್ಲ. ಅಳಿಸಿದ ಸಾಲುಗಳು ತಲೆಯಲ್ಲಿ ಒಂದರ ಮೇಲೊಂದು ಕೂತಿದ್ದವು, ಯಾರದ್ದು ಯಾವುದೆಂಬ ಹೆಸರಿಲ್ಲದೆ.

ಲೈಬ್ರರಿ ಮೇಡಂ ಕೂಡ ಬಂದು ಹಿಂದೆ ನಿಂತಿದ್ದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಬಿಸಿಲು ಇಳಿದು ಜಾಡುಗಳು ಒಂದೊಂದೇ ಮಾಯವಾಗುವ ತನಕ ಮೂವರೂ ಅಲ್ಲೇ ನಿಂತಿದ್ದರು. ಆಮೇಲೆ ಮೇಡಂ ಕಂತೆಯ ಮೇಲಿನ ವಿಲೇವಾರಿ ಚೀಟಿಯಿಂದ ಆ ಪುಸ್ತಕದ ಹೆಸರನ್ನು ಪೆನ್ನಿನಲ್ಲಿ ಹೊಡೆದುಹಾಕಿ, ತಮ್ಮ ಮೇಜಿಗೆ ಹೋದರು.

"ಈ ಜಾಸ್ತಿ ಇರೋವು ಅಳಿಸ್ಲಾ?" ಮಾಮ ಸಣ್ಣ ದನಿಯಲ್ಲಿ ಕೇಳಿದ.

"ಕೈ ಮುಟ್ಟಿದ್ರೆ ನೋಡು."

ಅವುಗಳಿಗೆ ಹೊಸ ಬಣ್ಣ ಬೇಕೆಂದು ಅವಳು ನೀಲಿ ಆರಿಸಿದಳು. ಉಳಿದ ಎರಡು ಅಧ್ಯಾಯ ಮರುದಿನ ಮುಗಿಯಿತು. ಕೊನೆಯ ದಿನವಿಡೀ ಅವಳು ಬಣ್ಣದ ಸಾಲುಗಳನ್ನು ಓದಿದಳು, ಬುಕ್‌ಮಾರ್ಕಿನಿಂದ ಬುಕ್‌ಮಾರ್ಕಿಗೆ ಹಾರುತ್ತ. ಮಾಮ ಬಾಗಿಲ ಬಳಿ ಕೂತು, ಪಿಸುಗುಟ್ಟಿದವರನ್ನೆಲ್ಲ ಕಣ್ಣಲ್ಲೇ ಹೊರಗಟ್ಟಿದ.

ಪರೀಕ್ಷೆಯ ದಿನ ಅವನು ಕಾಲೇಜಿನ ಮೆಟ್ಟಿಲ ಮೇಲೆ ಮೂರು ಗಂಟೆ ಕೂತ. ಅವಳು ಪಾಸಾದದ್ದು, ಮೂತ್ರಪಿಂಡದ ಪ್ರಶ್ನೆಗೆ ಅರ್ಧ ಪುಟ ಹೆಚ್ಚೇ ಬರೆದದ್ದು ಎಲ್ಲ ತಿಂಗಳ ಮೇಲೆ ತಿಳಿದ ಸಂಗತಿ. ಅಂದು ಅವಳು ಹೊರಬಂದಾಗ ಮುಖದಿಂದ ಏನೂ ಊಹಿಸುವಂತಿರಲಿಲ್ಲ. ಪಕ್ಕದಲ್ಲಿ ಕೂತು, ಪ್ರಶ್ನೆಪತ್ರಿಕೆ ಬಿಡಿಸಿ ಒಂದೊಂದೇ ಓದಿದಳು. ಮಾಮ ಪ್ರತಿಯೊಂದಕ್ಕೂ ಪುಟ ಹೇಳಿದ. ನಲವತ್ತೆರಡು, ಎಡಗಡೆ. ನೂರ ಏಳು, ಕೋಷ್ಟಕದ ಕೆಳಗೆ. ಇನ್ನೂರ ಹದಿನೈದು. ಅವಳು ತಲೆಯಾಡಿಸುತ್ತ ಹೋದಳು. ಎಂಟು ಪ್ರಶ್ನೆ ಹಾಗೇ ಮುಗಿದವು.

"ಒಂಬತ್ತನೇದು, ಗುಲ್ಮದ ಕಾರ್ಯ ವಿವರಿಸಿ. ಸ್ಪ್ಲೀನ್ ಮಾಮ."

ಮಾಮ ಕಣ್ಣು ಮುಚ್ಚಿದ. ತಲೆಯೊಳಗೆಲ್ಲ ತಡಕಾಡಿದ. ಹಾಳೆ ಬೆಳ್ಳಗಿತ್ತು, ಜಾಡೂ ಇರಲಿಲ್ಲ.

"ಅದಕ್ಕೆ ಯಾರೂ ಗೆರೆ ಹಾಕಿಲ್ಲ ಕಣಮ್ಮಾ. ಇಪ್ಪತ್ತೇಳು ವರ್ಷದಲ್ಲಿ ಒಬ್ರೂ."

"ಗೊತ್ತು," ಎಂದಳು ಚೂಟಿ. "ನಾನೂ ಬರೀಲಿಲ್ಲ."

ಇಬ್ಬರಿಗೂ ನಗು ಬಂತು. ಆಮೇಲೆ ಮಾಮ, ಪರೀಕ್ಷೆ ಹೇಗೂ ಮುಗಿಯಿತಲ್ಲ, ಅದು ಏನು ಮಾಡುತ್ತದೆ ನೋಡೋಣವೇ ಎಂದ. ಅವಳು ಫೋನು ತೆಗೆದು ಪುಟ ಹುಡುಕಿ, ಅವನಿಗೂ ಕಾಣುವಂತೆ ದೊಡ್ಡದು ಮಾಡಿ ಹಿಡಿದಳು. ಒಂದು ಬಣ್ಣದ ಚುಕ್ಕೆಯೂ ಇಲ್ಲದ ಪುಟ. ನೂರ ಇಪ್ಪತ್ತು ದಿನ ದುಡಿದು ಮುದಿಯಾದ ಕೆಂಪು ಕಣಗಳನ್ನು ಗುಲ್ಮ ಹಿಡಿದು ಒಡೆಯುತ್ತದೆ, ಅವುಗಳೊಳಗಿನ ಕಬ್ಬಿಣವನ್ನು ಬಿಸಾಡದೆ ಹೊಸ ಕಣ ಕಟ್ಟಲು ವಾಪಸು ಕಳಿಸುತ್ತದೆ ಎಂದು ಬರೆದಿತ್ತು.

"ಅಬ್ಬ," ಎಂದ ಮಾಮ. "ಇಂಥದ್ದೊಂದು ನಮ್ಮೊಳಗೆ ಇಷ್ಟು ದಿನ ಕೂತಿತ್ತಾ?"

ತುಟಿ ಅಲ್ಲಾಡಿಸುತ್ತ, ಮೊದಲ ಸಾಲಿನಿಂದ ಅವನು ಮತ್ತೆ ಓದತೊಡಗಿದ. ಅವಳು ಫೋನು ಅಲುಗದಂತೆ ಹಿಡಿದುಕೊಂಡು ಕೂತಳು.